ಬಿಲ್ಲೆಯ ಮೇಲೆ ಗುರುವಯ್ಯನ ಹೆಸರು

ರಂಗನಾಥ ಆಲ್ದೂರಿಗೆ ಬಂದದ್ದು ಪೇಂಟರ್ ಆಗಿ. ಜೀಪುಗಳ ಹಿಂದೆ, ಬಸ್ಸುಗಳ ನೆತ್ತಿಯ ಮೇಲೆ, ಕಾಫಿ ವ್ಯಾಪಾರಿಗಳ ಮಳಿಗೆಗಳ ಮುಂದೆ ಹದಿನೆಂಟು ವರ್ಷ ಅಕ್ಷರ ಬರೆದ. ಅವನ ಅಕ್ಷರಗಳು ಹಲಗೆಯಿಂದ ಎದ್ದು ನಿಂತಂತೆ ಕಾಣುತ್ತಿದ್ದವು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಮೊದಲು ನೋಡಿ, ಆ ಕಡೆಯ ಅಂಚಿಗೆ ತೆಳು ಬಿಳಿ ಗೆರೆ, ಎದುರು ಅಂಚಿಗೆ ಕಪ್ಪು ಕೊಡುತ್ತಿದ್ದ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಬಂದ ಮೇಲೆ ಬ್ರಷ್ಷಿಗೆ ಕೆಲಸ ಉಳಿಯಲಿಲ್ಲ. ಎರಡು ಸಾವಿರದ ಒಂದರಲ್ಲಿ, ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಜಾಹಿದನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿ ಮೌಸ್ ಹಿಡಿಯಲು ಕಲಿತ.

“ರಂಗಣ್ಣ, ಅದು ಬ್ರಷ್ಷಲ್ಲ, ಅಷ್ಟು ಮೆತ್ತಗೆ ಹಿಡೀಬೇಡ. ಇಲಿ ಸಾಯಲ್ಲ,” ಎಂದು ಜಾಹಿದ್ ನಗುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಹತ್ತಿರದ ಹೊನ್ನೇಗುಡ್ಡ ಎಸ್ಟೇಟಿಗೆ ಐವತ್ತು ತುಂಬಿತು. ಮೂವತ್ತೈದು ವರ್ಷ ಮೇಸ್ತ್ರಿಯಾಗಿದ್ದ ಗುರುವಯ್ಯನಿಗೆ ಅಂದು ಸನ್ಮಾನ. ಸಾಹುಕಾರರಾದ ಬಸವರಾಜಪ್ಪನವರು ವೇದಿಕೆಯ ಮೇಲೆ ಅವನ ಅಂಗಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿಯ ಬಿಲ್ಲೆ ಚುಚ್ಚಿದರು. ಜಾಹಿದ್ ಫೋಟೋ ತೆಗೆದ. ಗುರುವಯ್ಯ ವೇದಿಕೆಯ ಹಿಂದಿನ ಮೆಟ್ಟಿಲಿಳಿಯುತ್ತಿದ್ದಂತೆ ಮ್ಯಾನೇಜರ್ ರಾಜೀವ್ ಬಿಲ್ಲೆ ಬಿಚ್ಚಿಕೊಂಡ. “ಹೆಸರು ಕೆತ್ತಿಸಿ ಕೊಡ್ತೀವಿ, ಗುರುವಯ್ಯ.”

ಮೂರು ದಿನದ ನಂತರ ರಾಜೀವನೇ ಸ್ಟುಡಿಯೋಗೆ ಬಂದ. ಸ್ಮರಣ ಸಂಚಿಕೆಗೆ ಫೋಟೋ ಬೇಕು, ಬಿಲ್ಲೆಯ ನಡುವೆ ‘ಗುರುವಯ್ಯ’ ಎಂದಿರಬೇಕು ಎಂದ.

“ಕೆತ್ತೋದು ಹೆಂಗೂ ಆಗುತ್ತಲ್ಲ ಸಾರ್, ಆಮೇಲೆ ಇನ್ನೊಂದು ಫೋಟೋ ತೆಗೆದ್ರಾಯ್ತು,” ಎಂದ ರಂಗನಾಥ.

“ಪುಸ್ತಕ ಮೊದಲು ಮಾರಾಯ. ನೀನು ಬರಿ.”

ರಂಗನಾಥನಿಗೆ ಆ ಕೆಲಸ ಹಿಡಿಸಿತು. ಬಿಲ್ಲೆಯ ಸುತ್ತಂಚಿನಲ್ಲಿ ಎಸ್ಟೇಟಿನ ಹೆಸರು ಉಬ್ಬಕ್ಷರದಲ್ಲಿತ್ತು. ನಡುವಿನ ಜಾಗ ತುಸು ಉಬ್ಬಿ ಕನ್ನಡಿಯಂತೆ ನುಣುಪಾಗಿತ್ತು. ಫೋಟೋವನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿಕೊಂಡು, ಹೆಸರು ಟೈಪ್ ಮಾಡಿ ಚಿನ್ನದ ಬಣ್ಣ ಕೊಟ್ಟ, ಉಬ್ಬು ಕೊಟ್ಟ. ಅಕ್ಷರ ಒಳಕ್ಕೆ ತಗ್ಗಿದಂತೆ ಕಂಡಿತು. ಕಂಪ್ಯೂಟರು ಬೆಳಕು ಎಡಮೇಲಿಂದ ಬರುತ್ತದೆಂದು ತಾನೇ ಅಂದುಕೊಂಡಿತ್ತು. ಸನ್ಮಾನ ನಡೆದ ಚಪ್ಪರದ ತೆರೆದ ಬದಿ ಇದ್ದದ್ದು ಬಲಕ್ಕೆ. ಬೆಳಕಿನ ಕೋನ ತಿರುಗಿಸಿದ, ಅಕ್ಷರ ಮೇಲೆದ್ದಿತು. ಆಮೇಲೆ ಹೆಸರನ್ನು ಬಿಲ್ಲೆಯ ಉಬ್ಬಿಗೆ ತಕ್ಕಂತೆ ಬಾಗಿಸಿದ. ಬಿಲ್ಲೆಯಲ್ಲಿ ಮೇಲರ್ಧ ಆಕಾಶ, ಕೆಳಗರ್ಧ ನೆಲ ಪ್ರತಿಫಲಿಸಿ, ನಡುವೆ ಬಾಗಿದ ಗೆರೆಯೊಂದಿತ್ತು. ಅಕ್ಷರಗಳ ಚಪ್ಪಟೆ ಮೈಮೇಲೆ ಆ ಗೆರೆ ಮುರಿಯದೆ ಹಾಯ್ದು ಹೋಗಬೇಕು, ಅಂಚುಗಳಲ್ಲಿ ಮಾತ್ರ ಮುರಿಯಬೇಕು. ಹಾಗೆಯೇ ಮಾಡಿದ. ಫ್ಲ್ಯಾಶಿನ ಬಿಳಿ ಚುಕ್ಕೆ ‘ವ’ ಅಕ್ಷರದ ಮೇಲೆ ಬಿದ್ದಿತ್ತು. ಅಲ್ಲಿ ಅಕ್ಷರ ಅರ್ಧ ಕರಗಿ ಕಾಣದಂತಾಗಲು ಬಿಟ್ಟ. ಅಲ್ಲಿ ಓದಲು ಬಂದರೆ ಸುಳ್ಳೆಂದು ಗೊತ್ತಾಗುತ್ತಿತ್ತು. ಕೊನೆಗೆ ಅಕ್ಷರದ ಅಂಚನ್ನು ಫೋಟೋದಷ್ಟೇ ಮಸುಕುಮಾಡಿ, ಫಿಲ್ಮಿನ ಕಣವನ್ನೂ ಸೇರಿಸಿದ. ಡಿಸ್ಕಿನಲ್ಲಿ ಜಾಗ ಕಡಿಮೆಯಿದ್ದುದರಿಂದ, ಎಂದಿನಂತೆ, ಎಲ್ಲ ಪದರ ಒಂದು ಮಾಡಿ ಹಳೆಯ ಫೈಲಿನ ಮೇಲೆಯೇ ಉಳಿಸಿದ. ನೆಗೆಟಿವ್‌ಗಳನ್ನು ಎಸ್ಟೇಟಿನವರು ಕೊಂಡುಹೋದರು; ಗುರುವಯ್ಯನ ಮೂಲ ಫೋಟೋ ಸ್ಟುಡಿಯೋದಲ್ಲಿ ಉಳಿಯಲಿಲ್ಲ.

ಬಿಲ್ಲೆ ಬರಲಿಲ್ಲ. ಗುರುವಯ್ಯ ನಾಲ್ಕು ಸಲ ಆಫೀಸಿಗೆ ಹೋಗಿ ಕೇಳಿದ. ನಾಲ್ಕನೆಯ ಸಲ ರಾಜೀವ್ ಸಂಚಿಕೆಯನ್ನು ತೆರೆದು, ಕೂಲಿಯವರೆಲ್ಲ ಕೇಳುವಂತೆ ಹೇಳಿದ: “ಇಲ್ನೋಡು. ಎದೆ ಮೇಲಿದೆ, ಹೆಸರೂ ಇದೆ. ಯಾವ ಅಂಗಡೀಲಿ ಕುಡಿದು ಕಳ್ಕೊಂಡ್ಯೋ?”

ಗುರುವಯ್ಯ ಕುಡಿಯುವವನಲ್ಲ. ಆದರೆ ಸಂಚಿಕೆಯ ಆ ಫೋಟೋ ಎಲ್ಲರ ಮನೆಯಲ್ಲೂ ಇತ್ತು. ಕೂಲಿಮನೆಗಳ ಸಾಲಾದ ಲೈನಿನ ಹೆಂಗಸರು ನೀರು ಹಿಡಿಯುವಾಗ ಅವನ ಹೆಂಡತಿ ಹುಚ್ಚಮ್ಮನನ್ನು, “ಬಿಲ್ಲೆಗೆ ಎಷ್ಟು ಬಂತಕ್ಕಾ?” ಎಂದು ಕೇಳತೊಡಗಿದರು. ಹುಚ್ಚಮ್ಮ ಮನೆಗೆ ಬಂದು ಗಂಡನ ಪೆಟ್ಟಿಗೆ ಜಾಲಾಡಿದಳು.

ಗುರುವಯ್ಯ ಸ್ಟುಡಿಯೋಗೆ ಬಂದು ಬಾಗಿಲಲ್ಲೇ ನಿಂತ. “ಫೋಟೋದಲ್ಲಿ ಹೆಸರು ಬರ್ದಿದ್ದು ನೀವಂತೆ. ಬಂದು ಒಂದ್ಮಾತು ಹೇಳಿ. ಮೂವತ್ತೈದು ವರ್ಷ ಒಂದು ಕುಕ್ಕೆ ಕಾಫಿ ಹಣ್ಣೂ ಆಚೀಚೆ ಮಾಡಿಲ್ಲ ನಾನು. ಈಗ ಹೆಂಡ್ತೀನೆ ಕಳ್ಳ ಅಂತಾಳೆ.”

“ಹೇಳ್ತೀನಿ ಗುರುವಯ್ಯನೋರೆ,” ಎಂದ ರಂಗನಾಥ. “ಎಸ್ಟೇಟ್ ಕೆಲಸ ಹೋಗುತ್ತೆ ರಂಗಣ್ಣ,” ಎಂದ ಜಾಹಿದ್. ಆದರೆ ಬೇಡ ಎನ್ನಲಿಲ್ಲ.

ರಂಗನಾಥ ಲೈನಿಗೆ ಹೋಗಿ ಹೇಳಿದ, ಯಾರೂ ನಂಬಲಿಲ್ಲ. ಸಂಚಿಕೆ ಹಿಡಿದು, ಸುತ್ತಲಿನ ಅಕ್ಷರ ನಿಜ, ನಡುವಿನದು ತನ್ನದು ಎಂದು ಬೆರಳಿಟ್ಟು ತೋರಿಸಿದ. ಹುಚ್ಚಮ್ಮ ಹತ್ತಿರ ಹಿಡಿದು ನೋಡಿ, “ಎರಡೂ ಒಂದೇ ಹೊಳಪು. ಇವ್ರಿಗೆಷ್ಟು ಕೊಟ್ಯೋ?” ಎಂದು ಗಂಡನ ಕಡೆ ತಿರುಗಿದಳು. ಬೆಳಕು, ನೆರಳು, ಗೆರೆ ಎಂದು ವಿವರಿಸಿದಷ್ಟೂ ಫೋಟೋ ನಿಜವೇ ಎಂದು ರಂಗನಾಥ ತಾನೇ ಸಾಕ್ಷಿ ಹೇಳಿದಂತಾಯಿತು.

ಭಾನುವಾರ ಸಂತೆಗೆ ಬಂದವರನ್ನು ಅವನು ಸ್ಟುಡಿಯೋಗೆ ಕರೆದ. ಸನ್ಮಾನಕ್ಕೆ ಮುಂಚೆ, ಬೆಳಕು ಪರೀಕ್ಷಿಸಲು, ರಾಜೀವನ ಎದೆಗೆ ಅದೇ ಬಿಲ್ಲೆ ಚುಚ್ಚಿ ಜಾಹಿದ್ ತೆಗೆದ ಒಂದು ಫೋಟೋ ಕಂಪ್ಯೂಟರಿನಲ್ಲಿ ಉಳಿದಿತ್ತು. ಗುರುವಯ್ಯ, ಹುಚ್ಚಮ್ಮ ಸೇರಿ ಹದಿನೈದು ಜನ ಬಾಗಿಲಿಗೆ ಒತ್ತಿಕೊಂಡು ನಿಂತರು. ಸುದ್ದಿ ಕೇಳಿ ರಾಜೀವನೂ ಜೀಪಿಳಿದು ಬಂದ.

ರಂಗನಾಥ ಖಾಲಿ ಬಿಲ್ಲೆಯ ಮೇಲೆ ‘ಹುಚ್ಚಮ್ಮ’ ಎಂದು ಬರೆದ.

“ಬಣ್ಣ ಬಳಿದಂಗಿದೆ,” ಎಂದಿತು ಒಂದು ದನಿ. ಅವನು ಬೆಳಕು ತಿರುಗಿಸಿದ, ಅಕ್ಷರ ಎದ್ದಿತು. ಬಾಗಿಸಿದ, ಲೋಹಕ್ಕೆ ಕೂತಿತು. ಆಕಾಶದ ಗೆರೆಯನ್ನು ಅಕ್ಷರದ ಮೇಲೆ ಹಾಯಿಸಿದ. ಬಿಳಿ ಚುಕ್ಕೆಯನ್ನು ಅಕ್ಷರಕ್ಕಿಂತ ಮೇಲಿಟ್ಟು ‘ಮ್ಮ’ದ ತಲೆಯನ್ನು ಅಳಿಸಿದ. ಪರದೆಯಲ್ಲಿ ಮ್ಯಾನೇಜರ್ ಸಾಹೇಬರ ಎದೆಯ ಮೇಲೆ ಹುಚ್ಚಮ್ಮನ ಹೆಸರು ಹೊಳೆಯುತ್ತಿತ್ತು.

ಒಬ್ಬ ಕಿಸಕ್ಕೆಂದ. ಎಲ್ಲರೂ ನಕ್ಕರು. ಗುರುವಯ್ಯನೂ ನಕ್ಕ, ಆ ಮಳೆಗಾಲದಲ್ಲಿ ಮೊದಲ ಸಲ.

ರಾಜೀವನ ಕಿವಿ ಕೆಂಪಾಯಿತು. ಆದರೆ ಅವನು ಕೂಗಾಡಲಿಲ್ಲ. “ಸರಿ ಮಾರಾಯ. ಕೊಟ್ಟಿಲ್ಲ, ಒಪ್ಕೊಂಡೆ,” ಎಂದ. “ಆ ಬಿಲ್ಲೆ ಮಾಡ್ಸಿದ್ದು ಸಾಹುಕಾರ್ರ ಅಳಿಯನಿಗೆ. ಅವತ್ತು ಅವ್ರು ಬರ್ಲಿಲ್ಲ, ಸ್ಟೇಜು ಖಾಲಿ ಕಾಣುತ್ತೆ ಅಂತ ಇವನ್ನ ಹತ್ತಿಸಿದ್ವಿ. ಮೇಸ್ತ್ರಿಗೆಲ್ಲ ಯಾರಾದ್ರೂ ಬಿಲ್ಲೆ ಮಾಡಿಸ್ತಾರೇನ್ರೋ?”

ಈ ಸಲ ನಗು ಇನ್ನೂ ಜೋರಾಗಿತ್ತು. ಗುರುವಯ್ಯನ ಮುಖದಲ್ಲಿ ಹಿಂದಿನ ನಗು ಇನ್ನೂ ಇಳಿದಿರಲಿಲ್ಲ.

ಹುಚ್ಚಮ್ಮ ಗಂಡನನ್ನು ನೋಡಿದಳು. “ಸಾಹುಕಾರ್ರು ನಿನ್ನ ಹೊಗಳಿದ್ರಲ್ಲ, ಅದನ್ನಾದ್ರೂ ಬಾಯಲ್ಲಿ ಹೇಳಿದ್ರಾ, ಇಲ್ಲ ಅದೂ ಇದ್ರಲ್ಲೇ ಮಾಡಿದ್ದಾ?” ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

ಕಳ್ಳ ಎಂಬ ಹೆಸರು ಅಂದೇ ಹೋಯಿತು. ಮರುದಿನದಿಂದ ಲೈನಿನ ಮಕ್ಕಳು ಅವನನ್ನು ಕಂಪ್ಯೂಟರ್ ಮೇಸ್ತ್ರಿ ಎಂದು ಕೂಗಿದರು. ಎಸ್ಟೇಟಿನ ಕೆಲಸ ಮೂಡಿಗೆರೆಯ ಸ್ಟುಡಿಯೋಗೆ ಹೋಯಿತು.

ತಿಂಗಳಾದ ಮೇಲೆ ಗುರುವಯ್ಯ ಮತ್ತೆ ಬಂದ. ರಂಗನಾಥ ಸ್ಟೂಲು ಎಳೆದು ಕೊಟ್ಟ, ಅವನು ಕೂರಲಿಲ್ಲ.

“ಕಳ್ಳ ಅಂತಿದ್ದಾಗ, ಇವ್ನಿಗೊಂದು ಬಿಲ್ಲೆ ಕೊಟ್ಟಿದ್ರು ಅಂತಾದ್ರೂ ಇತ್ತು,” ಎಂದ. “ಅದನ್ನೂ ತೆಗೆದ್ರಿ ನೀವು.”

“ನೀವೇ ಕೇಳಿದ್ದಲ್ವಾ?”

“ಹೌದು. ನಾನೇ ಕೇಳಿದ್ದು.” ಅವನು ಕಂಪ್ಯೂಟರಿನ ಕಡೆ ತಿರುಗಿದ: “ಒಳ್ಳೆ ಫೋಟೋ ನನ್ನದು ಅದೊಂದೇ. ನಾಳೆ ಸತ್ರೆ ಗೋಡೆಗೆ ಅದನ್ನೇ ಹಾಕ್ಬೇಕು. ಬಿಲ್ಲೆ ತೆಗೆದು ಕೊಡಿ.”

ರಂಗನಾಥ ಫೈಲು ತೆರೆದ. ಅಂಗಿಯ ಬಟ್ಟೆಯನ್ನೇ ತುಂಡು ತುಂಡಾಗಿ ತಂದು ಬಿಲ್ಲೆಯನ್ನು ಮುಚ್ಚಿದ. ಪಿನ್ನು ಎಳೆದಿದ್ದರಿಂದ ಜೇಬಿನ ಮೇಲೆ ಮಡಿಕೆಯೊಂದು ಬಿದ್ದಿತ್ತು; ಬಿಲ್ಲೆ ಇಲ್ಲದ ಮೇಲೆ ಆ ಮಡಿಕೆಗೆ ಕಾರಣವಿರಲಿಲ್ಲ. ಬಲದಿಂದ ಬರುವ ಬೆಳಕಿಗೆ ಹೊಂದುವಂತೆ ಅದನ್ನೂ ಸಮ ಮಾಡಿದ. ಪ್ರಿಂಟು ತೆಗೆದು ಕೊಟ್ಟ.

ಗುರುವಯ್ಯ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಎದೆಯ ಮೇಲೆ ಏನೋ ಇತ್ತೆಂಬ ಗುರುತೇ ಇರಲಿಲ್ಲ.

“ಚೆನ್ನಾಗಿ ಮಾಡ್ತೀರಿ,” ಎಂದು ಹೇಳಿ, ಪ್ರಿಂಟನ್ನು ಅಂಗಿಯೊಳಗೆ ಇಟ್ಟುಕೊಂಡು ಬಸ್ಸಿಗೆ ನಡೆದ.