ಯಾರದೋ ಮಡಿಲಲ್ಲಿ ಒಂದು ಚೀಲ

ಪ್ರಿಯ ಅನ್ವಿ, ಸುಹಾಸ್,

ನಾನು ಮಂಗಳೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದೆ. ನಿಮಗೆ ಬರೆಯುತ್ತಿರುವುದು ಆ ಮೂವತ್ತೊಂದು ವರ್ಷಗಳ ಕಥೆಯಲ್ಲ. ನಿವೃತ್ತಳಾದ ಎರಡನೆಯ ವರ್ಷ ಕಾಟಿಪಳ್ಳದ ಒಂದು ಮಹಿಳಾ ಸಂಘದವರು ನನ್ನನ್ನು ಕೇಳಿಕೊಂಡರು. ಹತ್ತನೆಯ ತರಗತಿಯನ್ನು ಅರ್ಧದಲ್ಲಿ ಬಿಟ್ಟ ಹೆಂಗಸರು ಖಾಸಗಿಯಾಗಿ ಪರೀಕ್ಷೆ ಕಟ್ಟುತ್ತಾರೆ, ಶನಿವಾರ ಮಧ್ಯಾಹ್ನ ಅವರಿಗೆ ಕನ್ನಡ ಹೇಳಿಕೊಡಬೇಕು ಎಂದು. ನಿಮ್ಮ ಅಜ್ಜ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಮನೆಯಿಂದ ಹೊರಗೆ ಹೋಗಲು ಒಂದು ಕಾರಣ ಸಿಕ್ಕಿತೆಂದು ಒಪ್ಪಿಕೊಂಡೆ.

ನನ್ನ ಸ್ವಭಾವ ನಿಮಗೆ ಗೊತ್ತು. ನಾಲ್ಕು ಜನರ ಎದುರು ಸ್ವರ ಏರಿಸಿ ಮಾತಾಡಿದವಳಲ್ಲ. ತರಗತಿಯಲ್ಲೂ ಅರ್ಧ ಪಾಠವನ್ನು ಕಪ್ಪುಹಲಗೆಯ ಕಡೆ ತಿರುಗಿಯೇ ಮಾಡುತ್ತಿದ್ದೆ. ನಾನು ಓದಿದ್ದು ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ. ಅಲ್ಲಿ ಒಂದು ಪ್ರಶ್ನೆಗೆ ಒಂದೇ ಉತ್ತರ, ಅದನ್ನು ಎಲ್ಲರೂ ಒಟ್ಟಾಗಿ ರಾಗದಲ್ಲಿ ಹೇಳಬೇಕು. ಆ ರಾಗ ನನ್ನ ಕಿವಿಯಿಂದ ಕೊನೆಯವರೆಗೂ ಹೋಗಲಿಲ್ಲ.

ಉರ್ವದಿಂದ ಕಾಟಿಪಳ್ಳಕ್ಕೆ ಸಿಟಿ ಬಸ್ಸು. ಕೂಳೂರಿನ ಸೇತುವೆಯ ಮೇಲೆ ವಾಹನ ಸಾಲು ನಿಂತರೆ ಮುಕ್ಕಾಲು ಗಂಟೆಯ ದಾರಿ ಒಂದೂವರೆ ಗಂಟೆಯಾಗುತ್ತಿತ್ತು. ತರಗತಿಯಲ್ಲಿ ಏಳು ಹೆಂಗಸರು. ಅವರಲ್ಲಿ ಝೊಹರಾ ಒಬ್ಬಳು, ವಯಸ್ಸು ಮೂವತ್ತೆಂಟು. ಗಲ್ಫಿನಲ್ಲಿದ್ದ ಗಂಡ ಬೆನ್ನುಹುರಿಯ ಕಾಯಿಲೆಯಿಂದ ವಾಪಸು ಬಂದು ಹಾಸಿಗೆ ಹಿಡಿದಿದ್ದ. ಅವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಉರ್ವ ಮಾರ್ಕೆಟಿನ ಹತ್ತಿರದ ಟೈಲರ್ ಅಂಗಡಿಗೆ ಬಂದು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಶನಿವಾರ ಮಧ್ಯಾಹ್ನ ನಾನು ಹತ್ತುವ ಬಸ್ಸಿನಲ್ಲೇ ತರಗತಿಗೆ ವಾಪಸು ಬರುತ್ತಿದ್ದಳು. ಅವಳ ಮನೆಯ ಎದುರಿನ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿಯಾಗುವುದಿತ್ತು. ಅದಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ಆ ಕೆಲಸ ಸಿಕ್ಕಿದರೆ ಗಂಡ ಕರೆದರೆ ಕೇಳಿಸುವಷ್ಟು ದೂರದಲ್ಲಿ ಅವಳು ಇರಬಹುದಿತ್ತು. ಹಿಂದಿನ ವರ್ಷ ಉಳಿದೆಲ್ಲ ಪಾಸಾಗಿ ಕನ್ನಡ ಮಾತ್ರ ಉಳಿದುಹೋಗಿತ್ತು.

ಪಾಠಗಳಲ್ಲಿ ಹದಿನಾಲ್ಕು ಸಾಲಿನ ಒಂದು ಕವಿತೆ ಇತ್ತು. ಬಸ್ಸಿನಲ್ಲಿ ನಿಂತ ಒಬ್ಬ ಮನುಷ್ಯ ಹೇಳುವ ಮಾತುಗಳು. ಆರಂಭ ಹೀಗೆ:

ಎಂಟರ ಬಸ್ಸು. ಮೊಣಕೈ, ಕೊಡೆ, ಬೆನ್ನು.
ಯಾರದೋ ಉಸಿರು ನನ್ನ ಕುತ್ತಿಗೆಯ ಮೇಲೆ.

ನಡುವೆ ಈ ಎರಡು ಸಾಲು:

ನನ್ನ ಚೀಲ ಯಾರದೋ ಮಡಿಲಲ್ಲಿ,
ನಾನು ಕಂಬಿಗೆ ತೂಗಿದ್ದೇನೆ.

ಕೊನೆಯ ಸಾಲು:

ಇಳಿದೆ. ಬಸ್ಸು ತುಂಬಿಯೇ ಇತ್ತು.

ಇದು ನಗರದ ಪರಕೀಯತೆಯ ಚಿತ್ರ ಎಂದು ನಾವು ಕಲಿಸುತ್ತೇವೆ. ಪರಕೀಯತೆ ಎಂದರೆ ಜನ ಇಲ್ಲದಿರುವುದಲ್ಲ. ಒಂಟಿ ಗುಡ್ಡದ ಮೇಲೆ ಕುಳಿತವನಿಗೆ ಆ ಮಾತು ಹೊಂದುವುದಿಲ್ಲ. ಮೈಗೆ ಮೈ ತಾಗುವಷ್ಟು ಜನ ಇದ್ದು, ಅವರಲ್ಲಿ ಯಾರಿಗೂ ನೀನು ಇಂಥವನೆಂದು ಗೊತ್ತಿಲ್ಲದಿರುವುದು ಪರಕೀಯತೆ. ಕವಿತೆ ಆ ಮಾತನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ನಾವು ಸಾಲುಗಳಿಂದ ಹೆಕ್ಕಬೇಕು. ಇಡೀ ಕವಿತೆಯಲ್ಲಿ ಒಂದು ಮುಖವಿಲ್ಲ. ಇರುವುದು ಮೊಣಕೈ, ಬೆನ್ನು, ಉಸಿರು. ಮನುಷ್ಯರು ತುಂಡುಗಳಾಗಿಯೇ ಕಾಣುತ್ತಾರೆ. ಕೊಡೆಯೂ ಬೆನ್ನೂ ಒಂದೇ ಪಟ್ಟಿಯಲ್ಲಿವೆ, ವಸ್ತುವಿಗೂ ಮನುಷ್ಯನಿಗೂ ವ್ಯತ್ಯಾಸ ಉಳಿದಿಲ್ಲ. 'ಯಾರದೋ' ಎಂಬ ಪದ ಐದು ಸಲ ಬರುತ್ತದೆ. 'ನಾನು ನಿಂತಿದ್ದೇನೆ' ಎನ್ನದೆ 'ತೂಗಿದ್ದೇನೆ' ಎನ್ನುತ್ತಾನೆ, ಅಂಗಡಿಯಲ್ಲಿ ಸಾಮಾನು ತೂಗುಹಾಕಿದಂತೆ. ಕೊನೆಗೆ ಅವನು ಇಳಿದರೂ ಬಸ್ಸು ತುಂಬಿಯೇ ಇದೆ. ಅವನಿಂದ ಖಾಲಿಯಾದ ಜಾಗ ಇತ್ತೆಂದು ಬಸ್ಸಿಗೆ ತಿಳಿಯಲೇ ಇಲ್ಲ.

ಇಷ್ಟನ್ನು ನಾನು ಹೇಳಿದೆ. ಚೀಲದ ಸಾಲು ಬಂದಾಗ ಮಾತ್ರ ಗೈಡ್ ನೋಡಿ ಓದಿದೆ: ನಗರದಲ್ಲಿ ತನ್ನ ವಸ್ತುವೂ ತನ್ನ ಕೈಯಲ್ಲಿಲ್ಲ, ಮನುಷ್ಯನ ಅಭದ್ರತೆಯನ್ನು ಕವಿ ಇಲ್ಲಿ ಸೂಚಿಸಿದ್ದಾರೆ.

ಝೊಹರಾ ನಕ್ಕಳು. "ಈ ಗೈಡ್ ಬರೆದವ್ರು ಬಸ್ಸಲ್ಲಿ ಹೋದವ್ರೇ ಅಲ್ಲ ಟೀಚರ್."

"ಎಂತ ಆಯ್ತು?" ಎಂದೆ.

"ಚೀಲ ಕಿತ್ಕೊಂಡದ್ದಲ್ಲ ಅಲ್ವಾ. ಹಿಡ್ಕೊಂಡದ್ದು. ಕೂತವ್ರು ನಿಂತವ್ರ ಚೀಲ ಹಿಡ್ಕೊಳ್ತಾರೆ. ನಿಮ್ಮ ಪುಸ್ತಕದ ಚೀಲ ನಾನೇ ಎಷ್ಟು ಸಲ ಹಿಡ್ಕೊಂಡಿದ್ದೇನೆ. ಕಲ್ಲು ಹಾಕಿದ ಹಾಗೆ ಇರ್ತದೆ."

ಉಳಿದವರೆಲ್ಲ ನಕ್ಕರು. ನನಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷ ನಾನು ಈ ಊರಿನ ಬಸ್ಸುಗಳಲ್ಲಿ ಕೂತು ಶಾಲೆಯ ಮಕ್ಕಳ ಚೀಲಗಳನ್ನು ಮಡಿಲ ಮೇಲೆ ಒಂದರ ಮೇಲೊಂದು ಪೇರಿಸಿಕೊಂಡವಳು. ನಾವು ಕೇಳುವುದೂ ಇಲ್ಲ, ಅವರು ಥ್ಯಾಂಕ್ಸ್ ಹೇಳುವುದೂ ಇಲ್ಲ. ಆ ಸಾಲಿನಲ್ಲಿರುವುದು ನಾನೇ. ಆದರೂ ಗೈಡ್ ಹೇಳಿದ್ದನ್ನು ಓದಿದ್ದೆ.

ಝೊಹರಾ ಪುಸ್ತಕವನ್ನು ಹತ್ತಿರ ಎಳೆದುಕೊಂಡು ಮತ್ತೊಮ್ಮೆ ನಿಧಾನವಾಗಿ ಓದಿದಳು. ಆಮೇಲೆ ಅವಳು ಹೇಳಿದ್ದನ್ನು ನಾನು ಬಸ್ ಟಿಕೆಟಿನ ಹಿಂದೆ ಬರೆದಿಟ್ಟುಕೊಂಡೆ. ಮೊಣಕೈ ಗಟ್ಟಿ, ಬೆನ್ನು ಗಟ್ಟಿ, ಕಂಬಿ ಗಟ್ಟಿ, ಮೆತ್ತಗಿರುವುದು ಮಡಿಲು ಒಂದೇ ಎಂದಳು. ಚೀಲ ಕೊಡುವಾಗ ಅವನು ಬಗ್ಗಿರಬೇಕು, ಬಗ್ಗಿದರೆ ಮುಖ ಕಾಣುತ್ತದೆ, ಆದರೆ ಅವನು ಮುಖವನ್ನು ಬರೆಯಲಿಲ್ಲ ಎಂದಳು.

"ಅವನಿಗೆ ಯಾರೂ ಇಲ್ಲ ಹೇಳ್ತಾನೆ. ಚೀಲ ಹಿಡ್ಕೊಂಡವಳಿಗೆ ಯಾರುಂಟು? ಅವಳನ್ನೂ ಯಾರೂ ನೋಡ್ಲಿಲ್ಲ. ಅವನೂ ನೋಡ್ಲಿಲ್ಲ."

ಕವಿತೆಯ ಓದು ಎಂದರೆ ಇದು, ಮಕ್ಕಳೇ. ಪರಕೀಯತೆ ಅಲ್ಲ ಎಂದು ಅವಳು ಹೇಳಲಿಲ್ಲ. ಅದು ಗೈಡ್ ತೋರಿಸಿದ ಜಾಗದಲ್ಲಿ ಇಲ್ಲ, ಇನ್ನೂ ಒಳಗಿದೆ ಎಂದು ತೋರಿಸಿದಳು. ಆ ನಗರದಲ್ಲಿ ಸಹಾಯವಿದೆ. ಸಹಾಯ ಮಾಡಿದವರ ಗುರುತಿಲ್ಲ. ತನ್ನನ್ನು ಯಾರೂ ನೋಡುವುದಿಲ್ಲ ಎಂದು ಕೊರಗುವವನೇ ಬೇರೆಯವರನ್ನು 'ಯಾರದೋ' ಎನ್ನುತ್ತಾನೆ. ಇದನ್ನು ನನಗೆ ಯಾವ ಟ್ರೈನಿಂಗಿನಲ್ಲೂ ಯಾರೂ ಹೇಳಿರಲಿಲ್ಲ.

ಪರೀಕ್ಷೆಗೆ ಮೂರು ವಾರ ಇರುವಾಗ ಅವಳು ಕೇಳಿದಳು, "ನಾನು ಹೇಳಿದ್ದನ್ನೇ ಬರೆದ್ರೆ ಮಾರ್ಕ್ ಸಿಗ್ತದಾ ಟೀಚರ್?"

ಈಗ ಮೌಲ್ಯಮಾಪನ ಹೇಗೆ ನಡೆಯುತ್ತದೆಂದು ನಿಮಗೆ ಹೇಳಬೇಕು. ನಾನು ಹನ್ನೆರಡು ಸಲ ಆ ಕೆಲಸಕ್ಕೆ ಹೋಗಿದ್ದೇನೆ. ಮೊದಲ ದಿನ ಮಾದರಿ ಉತ್ತರದ ಪಟ್ಟಿ ಕೊಡುತ್ತಾರೆ. ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ಅಂಶ, ಒಂದೊಂದಕ್ಕೆ ಒಂದೊಂದು ಅಂಕ. ಈ ಕವಿತೆಗೆ ಯಾಂತ್ರಿಕ ಬದುಕು, ಸಂಬಂಧಗಳ ಕೊರತೆ, ಅಭದ್ರತೆ, ಹಳ್ಳಿಯ ಆತ್ಮೀಯತೆಯ ನೆನಪು. ಹಳ್ಳಿ ಕವಿತೆಯಲ್ಲಿ ಇಲ್ಲವೇ ಇಲ್ಲ, ಆದರೂ ಪಟ್ಟಿಯಲ್ಲಿತ್ತು. ಪಟ್ಟಿಯ ಕೊನೆಗೆ 'ಅಥವಾ ಸೂಕ್ತವಾದ ಇತರ ಉತ್ತರ' ಎಂಬ ಸಾಲೂ ಇರುತ್ತದೆ. ಆದರೆ ಆ ದಿನದ ಉತ್ತರಪತ್ರಿಕೆಗಳ ಕಟ್ಟನ್ನು ಸಂಜೆಯೊಳಗೆ ಮುಗಿಸಬೇಕು. ಕಣ್ಣು ಪದಗಳನ್ನು ಹುಡುಕುತ್ತದೆ, ಸಿಕ್ಕಿದಲ್ಲಿ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತದೆ. ಸೂಕ್ತವೋ ಅಲ್ಲವೋ ಎಂದು ನೋಡಬೇಕಾದರೆ ಪೂರ್ತಿ ಓದಬೇಕು. ನಾನೂ ಓದುತ್ತಿರಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ಅವಳಿಗೆ "ಸಿಗ್ತದೆ, ಬರೀರಿ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಷ್ಟು ಚಂದದ ಮಾತಿಗೆ ಅಂಕ ಸಿಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮೊದಲು ಪಟ್ಟಿಯ ನಾಲ್ಕು ಪದ ಬರೆದು ಅಡಿಗೆರೆ ಹಾಕಿ, ಆಮೇಲೆ ನಿಮ್ಮದನ್ನು ಬರೆಯಿರಿ ಎಂದಿದ್ದರೆ ಸಾಕಿತ್ತು. ಪ್ರತಿ ವರ್ಷ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟ ಉಪಾಯವೇ ಅದು. ಅವಳಿಗೆ ಹೇಳಲಿಲ್ಲ. ಹೇಳಿದರೆ ಅವಳ ಮಾತು ಸಣ್ಣದಾಗುತ್ತದೆ ಎನಿಸಿತು.

ಪರೀಕ್ಷೆಯಲ್ಲಿ ಆ ಕವಿತೆಯೇ ಬಂತು. ಅವಳು ಹೊರಗೆ ಬಂದು ಫೋನ್ ಮಾಡಿ, ಒಂದೂವರೆ ಪುಟ ಬರೆದೆ ಎಂದಳು.

ಫಲಿತಾಂಶದಲ್ಲಿ ಪಾಸಾಗಲು ಎರಡು ಅಂಕ ಸಾಲಲಿಲ್ಲ. ನಾನೇ ಒತ್ತಾಯಿಸಿ ಉತ್ತರಪತ್ರಿಕೆಯ ಪ್ರತಿ ತರಿಸಿದೆ. ಆ ಒಂದೂವರೆ ಪುಟದ ಬದಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಎಂದಿತ್ತು, ನಾಲ್ಕಕ್ಕೆ ಒಂದು. 'ಯಾರೂ ಇಲ್ಲ' ಎಂಬಲ್ಲಿ ಒಂದು ಗೆರೆ. ಸಂಬಂಧಗಳ ಕೊರತೆಯ ಅಂಕ ಅದು. ಅದರ ಕೆಳಗೆ, ಮಡಿಲಿನ ಮಾತು ಇರುವ ಜಾಗದಲ್ಲಿ, ಪೆನ್ನು ತಾಗಿದ ಗುರುತೇ ಇಲ್ಲ.

ಮರುಮೌಲ್ಯಮಾಪನಕ್ಕೆ ಹಾಕಿದೆವು. ಈ ನಡುವೆ ನಾನು ಧೈರ್ಯ ಮಾಡಿ, ಆ ಕೆಲಸದಲ್ಲಿ ಪಳಗಿದ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಆ ಪ್ರತಿ ಹಿಡಿದುಕೊಂಡು ಹೋದೆ. ಅವರ ಕೈಯಲ್ಲಿ ಏನೂ ಇಲ್ಲವೆಂದು ಗೊತ್ತಿತ್ತು. ತಪ್ಪು ಯಾರದೆಂದು ಯಾರಾದರೂ ಹೇಳಲಿ ಎಂದು ಹೋದದ್ದು. ಅವರು ಪೂರ್ತಿ ಓದಿದರು, ಎರಡು ಸಲ ಓದಿದರು.

"ಚಂದ ಉಂಟು ಟೀಚರ್. ಆದ್ರೆ ಪಾಯಿಂಟ್ ಎಲ್ಲುಂಟು? ನೀವಾದ್ರೂ ಎಷ್ಟು ಕೊಡ್ತಿದ್ರಿ?"

ನಾನು ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿದೆ. ಒಂದೇ ಕೊಡುತ್ತಿದ್ದೆ.

ಬದಲಾವಣೆ ಇಲ್ಲ ಎಂದು ಉತ್ತರ ಬರುವಾಗ ಅಂಗನವಾಡಿಯ ಅರ್ಜಿಯ ದಿನ ಮುಗಿದಿತ್ತು. ಕೆಲಸ ಬೇರೆಯವರಿಗೆ ಹೋಯಿತು. ಝೊಹರಾ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಮರಳಿಸಿದ ಉತ್ತರಪತ್ರಿಕೆಯ ಪ್ರತಿಯನ್ನು ಪುನಃ ನನ್ನ ಕೈಗೇ ಕೊಟ್ಟು, "ನೀವೇ ಇಟ್ಕೊಳ್ಳಿ ಟೀಚರ್. ನೀವು ಸಿಗ್ತದೆ ಹೇಳಿದ್ರಿ, ನಾನು ಬರೆದೆ" ಎಂದಳು. ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಫೋನ್ ಮಾಡಲು ಎಷ್ಟೋ ಸಲ ಕೈಗೆತ್ತಿಕೊಂಡೆ. ಎಂತ ಹೇಳುವುದೆಂದು ತೋಚದೆ ಕೆಳಗಿಟ್ಟೆ.

ಹೋದ ತಿಂಗಳು ಕಾಟಿಪಳ್ಳದಿಂದ ಸಂಜೆಯ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಸುರತ್ಕಲ್ ದಾಟುವಾಗ ನಿಲ್ಲಲೂ ಜಾಗವಿರಲಿಲ್ಲ. ಎರಡು ಬೆನ್ನುಗಳ ನಡುವಿನಿಂದ ಒಂದು ಕೈ ಬಂದು ನನ್ನ ಹೆಗಲಿನ ಚೀಲವನ್ನು ಮೆಲ್ಲ ಎಳೆದುಕೊಂಡಿತು. ನಾನು ಬಿಟ್ಟುಕೊಟ್ಟೆ. ಮುಖ ನೋಡಲಿಲ್ಲ. ಕೂಳೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಹೊಳೆಯ ಕಡೆ ನೋಡುತ್ತಾ ನಾನು ನನ್ನದೇ ಯೋಚನೆಯಲ್ಲಿದ್ದೆ. ಉರ್ವದಲ್ಲಿ ಇಳಿಯಲು ಹೊರಟಾಗ ಚೀಲ ಜನರ ಕೈಯಿಂದ ಕೈಗೆ ನನ್ನ ಹತ್ತಿರ ಬಂತು. ಅದರ ಹಿಂದೆ ಒಂದು ಸ್ವರವೂ ಬಂತು.

"ಈ ಸಲ ಚೀಲ ಹಗುರ ಉಂಟಲ್ಲ ಟೀಚರ್."

ತಿರುಗುವಷ್ಟರಲ್ಲಿ ಕಂಡಕ್ಟರ್ ಬಾಗಿಲು ಬಡಿದು ಸೀಟಿ ಊದಿದ. ನಾನು ರಸ್ತೆಯ ಮೇಲಿದ್ದೆ. ಬಸ್ಸು ತುಂಬಿಯೇ ಇತ್ತು. ಪುನಃ ಪರೀಕ್ಷೆ ಕಟ್ಟಿದ್ದಾಳಾ, ಗಂಡ ಹೇಗಿದ್ದಾನೆ, ಆ ಹೊತ್ತಿಗೆ ಪೇಟೆಯ ಕಡೆ ಎಲ್ಲಿಗೆ ಹೊರಟಿದ್ದಳು, ಒಂದನ್ನೂ ಕೇಳಲಾಗಲಿಲ್ಲ. ಸುಮಾರು ಒಂದು ಗಂಟೆ ಅವಳ ಮಡಿಲಲ್ಲಿ ನನ್ನ ಚೀಲವಿತ್ತು. ನಾನು ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಈ ಟೀಚರ್ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಯಾರೋ ಬರೆದದ್ದನ್ನು ಕೊನೆಯವರೆಗೂ ಓದಬೇಕು. ಅದನ್ನು ಕಲಿಯುವ ಹೊತ್ತಿಗೆ ಅಂಕ ಕೊಡುವ ಪೆನ್ನು ನನ್ನ ಕೈಯಲ್ಲಿರಲಿಲ್ಲ.

ಅನ್ವಿ, ಸುಹಾಸ್, ಈ ಹಾಳೆಗಳ ಜೊತೆ ಝೊಹರಾಳ ಒಂದೂವರೆ ಪುಟದ ಪ್ರತಿಯನ್ನೂ ಪಿನ್ ಮಾಡಿದ್ದೇನೆ. ನಾನು ಬರೆದದ್ದು ಕಳೆದುಹೋದರೂ ಚಿಂತೆಯಿಲ್ಲ. ಅವಳ ಪುಟಗಳನ್ನು ಜೋಪಾನವಾಗಿ ಇಡಿ. ಇಡುವ ಮೊದಲು ಕೆಂಪು ಗೆರೆ ಎಳೆದಲ್ಲಿಗೆ ನಿಲ್ಲಿಸದೆ ಕೆಳಗಿನದನ್ನೂ ಓದಿ.

ನಿಮ್ಮ ಅಜ್ಜಿ