ಬೂದು ಬಟ್ಟೆಗೊಂದು ರಾಣಿ ಬಣ್ಣ

ನನ್ನ ಬೀರುವಿನಲ್ಲಿ ಮೂರೇ ಬಣ್ಣ: ಕಪ್ಪು, ಬಿಳಿ, ಬೂದು. ಇದು ಅಭಿರುಚಿಯಲ್ಲ, ಹೆದರಿಕೆ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡರೂ ಜೋಡಿ ತಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಇಪ್ಪತ್ತು ವರ್ಷ ಹಾಗೇ ಕೊಂಡಿದ್ದೇನೆ. ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವುದು ನನ್ನ ಕೆಲಸ. ಅಲ್ಲಿ ಗೋಡೆಯೂ ಬೂದು, ಯಂತ್ರಗಳೂ ಬೂದು. ಹೋದ ವರ್ಷದ ಗ್ರೂಪ್ ಫೋಟೋದಲ್ಲಿ ಬೂದು ಶಟರ್ ಮುಂದೆ ನನ್ನ ಮುಖವೊಂದೇ ತೇಲುತ್ತಿದೆ.

ಅದರಿಂದ ನನಗೇನೂ ತೊಂದರೆಯಿರಲಿಲ್ಲ. ಆದರೆ ಕಾರ್ಖಾನೆಗೆ ಹೊಸ ಪ್ರೊಡಕ್ಷನ್ ಲೈನು ಬರುವುದಿತ್ತು; ಅದರ ಉಸ್ತುವಾರಿ ನನಗೆ ಬೇಕಿತ್ತು. ಮಾಲು ಕೊಳ್ಳುವ ಪುಣೆಯವರು ಬಂದಾಗ ಯಾರ ವಿವರಣೆಗೆ ತಲೆದೂಗುತ್ತಾರೋ ಅವರಿಗೇ ಅದು ಎಂದು ಮ್ಯಾನೇಜರು ಹೇಳಿದ್ದರು. ಕಳೆದೆರಡು ಸಲವೂ ವಿವರಿಸಿದ್ದು ನಾನು. ಅವರು ಪ್ರಶ್ನೆ ಕೇಳಿದ್ದು ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಕಿರಿಯ ಸಹೋದ್ಯೋಗಿಯನ್ನು. ಅವನು ಕೇಸರಿ ಶರ್ಟು ಹಾಕಿದ್ದ.

ಜೂಜುವಾಡಿಯಲ್ಲಿ ನನ್ನ ನಾದಿನಿಯ ಅಂಗಡಿಯಿದೆ: ದುಪಟ್ಟಾ, ಬ್ಯಾಗು, ಚಪ್ಪಲಿ. ಹೋಗಿ ವಿಷಯ ಹೇಳಿದೆ.

"ಬಟ್ಟೆ ಬದಲಾಯಿಸ್ಬೇಡಿ ಅತ್ತಿಗೆ, ಇರೋ ಬೂದೇ ಇರ್ಲಿ. ಮೇಲೊಂದೇ ಒಂದು ಬಣ್ಣ, ಎರಡು ಕಡೆ ಹಾಕಿ, ಸಾಕು. ಕತ್ತಿನತ್ರ ಒಂದು, ಕಾಲತ್ರ ಒಂದು. ನಾಕು ಬಣ್ಣ ಹಾಕಿದ್ರೆ ಜನ ನಿಮ್ಮನ್ನ ನೋಡಾದ್ ಬಿಟ್ಟು ಬಣ್ಣ ಎಣಿಸ್ತಾರೆ," ಎಂದು ಕೆಂಪು ದುಪಟ್ಟಾ ಬಿಚ್ಚಿದಳು.

"ಕೆಂಪು ಬೇಡ. ನಮ್ಮಲ್ಲಿ ಕೆಟ್ಟ ಮಾಲು ಹಾಕೋ ಡಬ್ಬ ಕೆಂಪು."

"ಹಳದಿ?"

"ಅದು ಪಾಸೋ ಫೇಲೋ ತೀರ್ಮಾನ ಆಗದ ಮಾಲಿಗೆ."

"ಹಸಿರು?"

"ಪಾಸಾದ ಮಾಲಿಗೆ. ನನಗೆ ನಾನೇ ಪಾಸ್ ಅಂತ ಹಚ್ಕೊಂಡು ಹೋದಂಗಾಗುತ್ತೆ."

"ನೀಲಿ ಆದ್ರೂ ತಕಳಿ."

"ಅದು ಮೆಷಿನ್ ನಡೆಸೋರ ಯೂನಿಫಾರ್ಮು."

ನಾದಿನಿ ದುಪಟ್ಟಾ ಕೆಳಗಿಟ್ಟಳು. "ನೀವೇನ್ ಬಟ್ಟೆ ತಕಳಕ್ ಬಂದಿದ್ದೀರೋ, ಡಬ್ಬ ತಕಳಕ್ ಬಂದಿದ್ದೀರೋ?"

ಕೊನೆಗೆ ಉಳಿದದ್ದು ರಾಣಿ ಬಣ್ಣ, ಕಣ್ಣಿಗೆ ಹೊಡೆಯುವ ಕಡುಗುಲಾಬಿ. ಆ ಬಣ್ಣದ ಡಬ್ಬ ನಮ್ಮಲ್ಲಿಲ್ಲ. ಟ್ಯೂಬ್‌ಲೈಟಿನಡಿ ದುಪಟ್ಟಾವೂ ಚಪ್ಪಲಿಯೂ ಒಂದೇ ಎನಿಸಿದ್ದವು. ಅವಳು ಎರಡನ್ನೂ ಎತ್ತಿಕೊಂಡು ರಸ್ತೆಗೆ ಬಂದು ಲಾರಿಗಳ ಧೂಳಿನ ನಡುವೆ ಬಿಸಿಲಿಗೆ ಹಿಡಿದಾಗ ಚಪ್ಪಲಿ ನೇರಳೆಗೆ ತಿರುಗಿತು. ಬೇರೆ ಜೋಡಿ ತಂದಳು. "ಅಚ್ಚು ಇಳಿಸಿದಂಗೆ ಒಂದೇ ಇರ್ಬೇಕಾಗಿಲ್ಲ. ಅಕ್ಕ ತಂಗಿ ಥರ ಇದ್ರೆ ಸಾಕು." ನಾನು ಅದೇ ಬಣ್ಣದ ಬ್ಯಾಗಿಗೂ ಕೈ ಹಾಕಿದೆ. ಧೈರ್ಯ ಬಂದರೆ ನನಗೆ ಮಿತಿ ತಿಳಿಯುವುದಿಲ್ಲ. ಅವಳು ಕಿತ್ತಿಟ್ಟಳು. "ಬ್ಯಾಗು ನಿಮ್ಮ ಕರೀದೇ ಹಿಡೀರಿ. ಇದೂ ಸೇರಿದ್ರೆ ಬ್ಯಾಂಡ್ ಸೆಟ್ಟಿನೋರು ಬಂದಂಗಿರ್ತದೆ."

ಆ ದಿನ ಬೂದು ಕುರ್ತಾದ ಮೇಲೆ ರಾಣಿ ದುಪಟ್ಟಾ ಇಳಿಬಿಟ್ಟು ಗೇಟಿನಲ್ಲಿ ಪುಣೆಯವರನ್ನು ಎದುರುಗೊಂಡೆ. ಇಬ್ಬರೂ ನನ್ನತ್ತ ನೋಡಿ ನಮಸ್ಕರಿಸಿದರು. ವಾಚ್‌ಮನ್ ಕೂಡ ನಮಸ್ಕರಿಸಿದ. ಅವನು ನನ್ನನ್ನು ದಿನಾ ನೋಡುವವನು. ಮೀಟಿಂಗ್ ರೂಮಿನಲ್ಲಿ ಎಲ್ಲಿ ಕೂತರೆ ಬೆಳಕು ಚೆನ್ನಾಗಿ ಬೀಳುತ್ತದೆಂದು ಹಿಂದಿನ ದಿನವೇ ನೋಡಿಟ್ಟಿದ್ದೆ.

ಕಾಫಿ ಮುಗಿಯುತ್ತಲೇ ಮ್ಯಾನೇಜರು, "ರೂಮು ಯಾಕೆ, ಮೆಷಿನ್ ಹತ್ರಾನೇ ಮಾತಾಡೋಣ," ಎಂದರು.

ಯಂತ್ರಗಳ ಹತ್ತಿರ ದುಪಟ್ಟಾ, ಸ್ಕಾರ್ಫ್, ಜೋತಾಡುವ ಯಾವುದೂ ಕೂಡದು. ಸೇಫ್ಟಿ ಶೂ ಕಡ್ಡಾಯ. ಬಾಗಿಲಿಗೆ ಅಂಟಿಸಿದ ಆ ಹಾಳೆಯನ್ನು ಬರೆದವಳು ನಾನೇ. ದೊಡ್ಡ ಅಕ್ಷರಗಳಲ್ಲಿ, ಮೂರು ಭಾಷೆಗಳಲ್ಲಿ. ಲಾಕರಿನಲ್ಲಿ ದುಪಟ್ಟಾ ಮಡಿಸಿಟ್ಟೆ, ಚಪ್ಪಲಿ ಇಟ್ಟೆ, ಕಪ್ಪು ಶೂ ಕಟ್ಟಿಕೊಂಡು, ಬೂದು ಕೋಟು ತೊಟ್ಟು ಅವರ ಪಕ್ಕಕ್ಕೆ ಹೋಗಿ ನಿಂತೆ.

ಪುಣೆಯವರಿಬ್ಬರೂ ಬಾಗಿಲ ಕಡೆಗೇ ನೋಡುತ್ತಿದ್ದರು. ಆಮೇಲೆ ಅವರಲ್ಲಿ ಹಿರಿಯರು ಸುತ್ತ ನೋಡಿ, "ಶುರು ಮಾಡೋಣವೇ? ಆ ಗುಲಾಬಿ ಶಾಲಿನ ಮೇಡಂ ಬರಬೇಕಲ್ಲ?" ಎಂದು ಕೇಳಿದರು. ಕೇಳಿದ್ದು ನನ್ನನ್ನು.

ಸಹೋದ್ಯೋಗಿ ಬಾಯಿ ತೆರೆಯುತ್ತಿದ್ದ. ಅವನು ತೆರೆದರೆ ಮುಗಿಯಿತು, ಲೈನು ಅವನದೇ. ಇಷ್ಟು ವರ್ಷ ಮೀಟಿಂಗುಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಹೇಳಿಕೊಂಡು ಬಂದಿದ್ದ ನಾನು ಕೈಯೆತ್ತಿದೆ, ಸ್ಕೂಲಿನ ಹಾಗೆ.

"ಸಾರ್, ಅದು ನಾನೇ. ಶಾಲು ಒಳಗೆ ತರುವಂತಿಲ್ಲ, ಅದಕ್ಕೇ ಬಿಚ್ಚಿಟ್ಟೆ. ಆ ನಿಯಮ ಮಾಡಿದ್ದೂ ನಾನೇ."

ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಆ ಹೊತ್ತಿಗೆ ಪ್ರೆಸ್ ಯಂತ್ರದ ಸದ್ದು ನಿಂತಿತ್ತು. ಅವರು ಬಾಗಿಲಿನ ಹಾಳೆಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ತಮ್ಮ ಟೈ ಬಿಚ್ಚಿ ಜೇಬಿಗಿಟ್ಟುಕೊಂಡರು. ಮೊದಲ ಪ್ರಶ್ನೆ ನನಗೇ ಬಂತು. ಮುಂದಿನವೂ.

ಹೊಸ ಲೈನು ನನಗೆ ಸಿಕ್ಕಿತು. ಬಣ್ಣ ಹಾಕಿದ್ದಕ್ಕೋ, ಬಿಚ್ಚಿದ್ದಕ್ಕೋ ಎಂದು ನಾದಿನಿ ಕೇಳುತ್ತಾಳೆ, ನನಗೂ ಗೊತ್ತಿಲ್ಲ. ಈಗಿನ ಚಿಂತೆ ಬೇರೆ. ಮುಂದಿನ ತಿಂಗಳು ಅವರು ಮತ್ತೆ ಬರುತ್ತಾರಂತೆ, ದುಪಟ್ಟಾ ಬಣ್ಣ ಬಿಡುತ್ತಿದೆ, ಅಂಗಡಿಯಲ್ಲಿ ಆ ರಾಣಿ ಬಣ್ಣ ಮುಗಿದಿದೆಯಂತೆ.