ಯಾರ ಬಾಯಾಗಿನ ಮಾತು

ಇಂಡಿ ಊರಿನ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ಫಕ್ರುದ್ದೀನ ಕನ್ನಡ ಕಲಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಊರಿನವರು ಅವನ ಪಾಠಗಳ ಬಗ್ಗೆ ದೊಡ್ಡ ದೊಡ್ಡ ಮಾತು ಆಡುತ್ತಿದ್ದಾರೆ. ಅವನಿಗೆ ದೊಡ್ಡ ಮಾತು ಸೇರುತ್ತಿರಲಿಲ್ಲ.

ನಿವೃತ್ತಿಯ ನಂತರ ಅವನು ಹೊರಗಿನಿಂದ ಬಂದವರಿಗೆ ಮಾತಾಡುವ ಕನ್ನಡ ಕಲಿಸತೊಡಗಿದ. ಬ್ಯಾಂಕಿನವರು, ನರ್ಸುಗಳು ಸಂಜೆ ಅವನ ಪಡಸಾಲೆಗೆ ಬರುತ್ತಿದ್ದರು. ಕೊನೆಯ ಶಿಷ್ಯೆ ಡಾಕ್ಟರ್ ಮಂಜರಿ. ಸೋಲಾಪುರದ ಮರಾಠಿ ಹುಡುಗಿ, ಇಲ್ಲಿಯ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಕೆಲಸ. ಮೊದಲ ದಿನವೇ ಪರೀಕ್ಷೆಯ ಗೈಡಿನಿಂದ ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

"ಭಗೀರಥ ಪ್ರಯತ್ನ, ಗಗನಕುಸುಮ... ನಿನ್ನ ಪೇಷಂಟ್ ಯಾರರ ಹಿಂಗ ಅಂದಾರೇನವಾ?" ಎಂದು ಫಕ್ರುದ್ದೀನ ಕೇಳಿದ.

"ಇಲ್ರಿ ಸರ್."

"ಹಂಗಾರ ಬಿಡು. ನೀ ಎಲೆಕ್ಷನ್‌ಗೆ ನಿಂತಾಗ ಕಲ್ಸ್ತೇನಿ."

ಪಕ್ಕದಲ್ಲಿ ಕುಳಿತಿದ್ದ ನಾನು ನಕ್ಕೆ. "ನೀ ನಗಬ್ಯಾಡ ಅನಂತಾ, ನಿನ್ನ ಕನ್ನಡಾನೂ ಗೈಡಿಂದ" ಎಂದ.

ಅವನ ಲೆಕ್ಕದಲ್ಲಿ ಡಾಕ್ಟರಿಗೆ ಮೊದಲು ಬೇಕಾದದ್ದು ಕಿವಿ. "ಎದಿ ಧಸಕ್ ಅಂತು", "ಜೀವ ಬಾಯಿಗೆ ಬಂದಿತ್ತು" ಎಂದು ರೋಗಿ ಅಂದರೆ ತಿಳಿಯಬೇಕು, ತಿರುಗಿ ಅನ್ನಬೇಕಿಲ್ಲ. ಅನ್ನಲಿಕ್ಕೆ ಕೆಲವೇ ಸಾಕು: "ಮನಸಿಗೆ ಹಚ್ಕೋಬ್ಯಾಡ್ರಿ", "ತಪ್ಪಾದ್ರ ಹೊಟ್ಟಿಗೆ ಹಾಕ್ಕೋರಿ". ಅವನ್ನೂ ಸಂತೆಯಲ್ಲಿ, ಬಸ್ಸಿನಲ್ಲಿ ಬೇರೆ ಬೇರೆ ಬಾಯಿಂದ ಕೇಳಿದ ಮೇಲೆಯೇ ಬಳಸಬೇಕು. "ನುಡಿಗಟ್ಟಂದ್ರ ಉಪ್ಪಿನಕಾಯಿ ಇದ್ದಂಗವಾ. ಎಲಿ ತುಂಬ ಬಡಿಸಿದ್ರ ಯಾರ್ ಉಣ್ತಾರ?"

ಆ ಚಳಿಗಾಲ ಸುಂದರವ್ವ ಎಂಬ ಮುದುಕಿ ನ್ಯುಮೋನಿಯಾ ಆಗಿ ದವಾಖಾನೆಗೆ ಬಂದಳು. ಗುಣವಾಗುವ ಕಾಯಿಲೆ, ಜ್ವರವೂ ಇಳಿಯುತ್ತಿತ್ತು. ಮಂಜರಿ ನಾಡಿ ಹಿಡಿದಾಗ ಮುದುಕಿ ನಕ್ಕು, "ನಂದೇನೈತಿ ಡಾಕ್ಟರವ್ವಾ, ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ" ಎಂದಳು. ಸಂಜೆ ಮಂಜರಿ ಅದರ ಅರ್ಥ ಕೇಳಿದಳು. ವಯಸ್ಸಾಯಿತು, ಇನ್ನು ಸ್ಮಶಾನ ಕರೆಯುತ್ತದೆ ಅಂತ, ಎಂದು ಫಕ್ರುದ್ದೀನ ಬಿಡಿಸಿ ಹೇಳಿದ. ಮಾತು ಅವಳಿಗೆ ಬಹಳ ಹಿಡಿಸಿತು.

ಮರುದಿನ ಮುದುಕಿಯ ಮಗ ಸುಭಾಸ, "ನಮ್ಮವ್ವ ಹೆಂಗದಾಳ್ರಿ?" ಎಂದು ಕೇಳಿದ. ಮಂಜರಿ ಸಲಿಗೆಯಿಂದ, ನಗುತ್ತಲೇ, "ಆರಾಮ ಆಗಾಕತ್ತಾರ್ರಿ. ಆದ್ರ ವಯಸ್ಸು ನೋಡ್ರಿ, ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ" ಎಂದಳು.

"ನಮ್ಮವ್ವನ್ನ ಕಾಡಿಗೆ ಕಳಸಾಕ ನೀವ್ಯಾರ್ರಿ?" ಸುಭಾಸ ಕೂಗಾಡಿದ. ಅವಳು ಎಷ್ಟು ಬೇಡಿಕೊಂಡರೂ ಕೇಳದೆ ತಾಯಿಯನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಹೋದ. ಔಷಧ ಅರ್ಧಕ್ಕೇ ನಿಂತಿತು. ವಾರದೊಳಗೆ ಸುಂದರವ್ವ ಸತ್ತಳು.

ಮಂಜರಿ ಸುಭಾಸನ ತೋಟದ ಮನೆಗೆ ಹೋದಳು. ಫಕ್ರುದ್ದೀನನೂ ನಾನೂ ಜೊತೆಗಿದ್ದೆವು. "ತಪ್ಪಾತ್ರಿ, ಹೊಟ್ಟಿಗೆ ಹಾಕ್ಕೋರಿ" ಎಂದು ಕೈಮುಗಿದಳು. ಸುಭಾಸ ನೆಲ ನೋಡುತ್ತ, "ಹಾಕ್ಕೋತೇನ್ರಿ. ನಮ್ಮವ್ವ ಬರ್ತಾಳೇನು?" ಎಂದ.

ಬರುವಾಗ ಊರಬಾಗಿಲ ಅಗಸಿ ದಾಟಿದ ಮೇಲೆ ಫಕ್ರುದ್ದೀನ ನನಗೆ ಮಾತ್ರ ಕೇಳುವಂತೆ ಹೇಳಿದ: "ಅರ್ಥ ಹೇಳಿದೆ ಅನಂತಾ. ಅದು ಯಾರ ಬಾಯಾಗಿಂದು ಅನ್ನೂದು ಹೇಳ್ಲಿಲ್ಲ. ಮುದುಕಿ ತನಗ ತಾ ಅಂದ್ಕೊಂಡ್ರ ನಗಿ. ಮತ್ತೊಬ್ಬರು ಅಂದ್ರ ಶಾಪ."

ಅಂದಿನಿಂದ ಪ್ರತಿ ಮಾತಿಗೂ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾರು, ಯಾರಿಗೆ ಅಂದರು? ಮಂಜರಿ ಬಹಳ ದಿನ ದವಾಖಾನೆಯಲ್ಲಿ ಹೂಂ, ಇಲ್ಲ ಅಷ್ಟೇ ಅನ್ನುತ್ತಿದ್ದಳು. ಊರು ಬಿಡುತ್ತೇನೆ ಎಂದೂ ಅಂದಳು. "ರೋಗಿ ಮುಂದ ಮೂಕಿ ಆದ್ರ ಅದೂ ತಪ್ಪೇ" ಎಂದು ಅವನು ಬಿಡಲಿಲ್ಲ.

ಮುಂದಿನ ಮಳೆಗಾಲಕ್ಕೆ ಅವನ ಕಣ್ಣು ಹಳದಿಯಾದವು. ವಿಜಯಪುರದಲ್ಲಿ ಪರೀಕ್ಷೆ ಮಾಡಿಸಿದೆವು. ರಿಪೋರ್ಟು ಬಂದಾಗ ಅವನು ಮಂಜರಿಯ ದವಾಖಾನೆಯಲ್ಲೇ ಮಲಗಿದ್ದ. ಅವನ ಹೆಂಡತಿ ಸೈದಾಬಿ ಕಾಲ ಬಳಿ ಕುಳಿತಿದ್ದಳು.

"ಖರೇ ಹೇಳವಾ" ಎಂದ.

ಮಂಜರಿ ಸ್ಟೂಲು ಎಳೆದುಕೊಂಡು ಕುಳಿತಳು. "ಸರ್, ಲಿವರ್ ಕ್ಯಾನ್ಸರ್ ಐತ್ರಿ. ಭಾಳ ಹಬ್ಬೇತಿ. ಔಷಧದಿಂದ ಹೋಗೂದಿಲ್ರಿ. ನೋವು ಕಮ್ಮಿ ಮಾಡ್ತೇನಿ. ದಿನಾ ಬರ್ತೇನಿ."

ಒಂದೂ ನುಡಿಗಟ್ಟಿರಲಿಲ್ಲ. ಅವನು, ಶಾಲೆಯಲ್ಲಿ ಹುಡುಗರಿಗೆ ಅರ್ಧ ಸಾಲು ಹೇಳಿ ಕಾಯುತ್ತಿದ್ದನಲ್ಲ, ಅದೇ ದನಿಯಲ್ಲಿ, "ಊರು ಹೋಗು ಅಂತೈತಿ..." ಎಂದು ಅವಳತ್ತ ಕಣ್ಣಿಟ್ಟ.

ಮಂಜರಿ ಸ್ಟೂಲಿನಿಂದ ಎದ್ದಳು. "ತಲೆದಿಂಬು ಸರಿ ಮಾಡ್ಲೇನ್ರಿ ಸರ್?" ಎಂದಳು.

"ಪಾಸಾದಿ ನೋಡವಾ" ಎಂದು ಅವನು ನಕ್ಕ, ನಗುವಿನ ಹಿಂದೆಯೇ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಉಳಿದರ್ಧವನ್ನು ತಾನೇ ಹೇಳಿಕೊಂಡ. ಸೈದಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ತಿಂಗಳು ಮುಗಿಯುವುದರೊಳಗೆ ಅವನನ್ನು ಮಣ್ಣು ಮಾಡಿ ಬಂದೆವು.